ಎರಡು ‘ಇಲ್ಲ’ ಸೇರಿದರೂ ಇಲ್ಲವೇ

ಏನಾದರೂ ತಿನ್ನುತ್ತೀಯಾ ಎಂದು ಕೇಳಿದಾಗ ಹಸಿವಿಲ್ಲದ ಸ್ಪ್ಯಾನಿಷ್ ಹುಡುಗ ‘ನೋ ಕ್ಯೇರೋ ನಾದಾ’ ಅನ್ನುತ್ತಾನೆ. ನನಗೇನೂ ಬೇಡ ಎಂದರ್ಥ. ಬಿಡಿಸಿ ನೋಡಿದರೆ ‘ಕ್ಯೇರೋ’ ಅಂದರೆ ನನಗೆ ಬೇಕು. ‘ನೋ’ ಅದನ್ನು ಅಲ್ಲಗಳೆಯುತ್ತದೆ. ‘ನಾದಾ’ ಎಂಬುದಕ್ಕೆ ನಿಘಂಟು ಕೊಡುವ ಅರ್ಥವೂ ‘ಏನೂ ಇಲ್ಲ’ ಎಂದೇ. ಇಂಗ್ಲಿಷಿನ ಮೂಲಕ ಸ್ಪ್ಯಾನಿಷ್ ಕಲಿಯುವವರು ಇಲ್ಲಿ ತಕರಾರು ತೆಗೆಯುತ್ತಾರೆ: ಏನೂ ಬೇಡದೆ ಇಲ್ಲ ಅಂದರೆ ಏನೋ ಬೇಕು ಅಂತಲ್ಲವೆ?

ಈ ತಕರಾರಿನ ಹಿಂದಿರುವುದು ಸ್ಪ್ಯಾನಿಷ್ ವ್ಯಾಕರಣವಲ್ಲ. 1762ರಲ್ಲಿ ರಾಬರ್ಟ್ ಲೌತ್ ಎಂಬ ಪಾದ್ರಿ ಬರೆದ ಇಂಗ್ಲಿಷ್ ವ್ಯಾಕರಣ, ಎರಡು ನಿಷೇಧಗಳು ಪರಸ್ಪರ ಅಳಿಸಿಹಾಕುತ್ತವೆ ಎಂಬ ನಿಯಮವನ್ನು ಶಾಲೆಗಳಲ್ಲಿ ಬೇರೂರಿಸಿದ ಪುಸ್ತಕಗಳಲ್ಲೊಂದು. ಅದಕ್ಕೂ ನಾಲ್ಕು ಶತಮಾನ ಹಿಂದಿನ ಕವಿ ಚಾಸರ್ ಒಂದೇ ವಾಕ್ಯದಲ್ಲಿ ನಿಷೇಧದ ಮೇಲೆ ನಿಷೇಧ ಹೇರಿ ಇಂಗ್ಲಿಷ್ ಬರೆದಿದ್ದ. ಆಗ ಯಾರಿಗೂ ಅರ್ಥ ಕೆಟ್ಟಿರಲಿಲ್ಲ. ಸ್ಪ್ಯಾನಿಷ್ ಅಕಾಡೆಮಿಯ ವ್ಯಾಕರಣ ‘ನೋ ಕ್ಯೇರೋ ನಾದಾ’ವನ್ನು ಸರಿಯಾದ ರೂಪವೆಂದೇ ಒಪ್ಪುತ್ತದೆ. ವಾಕ್ಯದಲ್ಲಿರುವುದು ಒಂದೇ ನಿಷೇಧ, ಅದು ಎರಡು ಕಡೆ ಗುರುತು ಬಿಟ್ಟಿದೆ ಅಷ್ಟೆ. ‘ಹುಡುಗರು ಬಂದರು’ ಎನ್ನುವಾಗ ಬಹುವಚನ ನಾಮಪದದಲ್ಲೂ ಕ್ರಿಯಾಪದದಲ್ಲೂ ಕಾಣುತ್ತದಲ್ಲ, ಹಾಗೆ.

ಈ ಗುರುತು ಎಲ್ಲಿ ಬೀಳಬೇಕು ಎಂಬುದಕ್ಕೆ ಮಾತ್ರ ಗಟ್ಟಿ ನಿಯಮವಿದೆ. ‘ಯಾರೂ ಬರಲಿಲ್ಲ’ ಎನ್ನುವುದನ್ನೇ ತೆಗೆದುಕೊಳ್ಳಿ. ‘ನಾದ್ಯೆ’ ಎಂಬ ಪದ ಕ್ರಿಯಾಪದದ ನಂತರ ಬಂದರೆ ‘ನೋ ವೀನೋ ನಾದ್ಯೆ’ ಎನ್ನಬೇಕು, ‘ನೋ’ ಬಿಡುವಂತಿಲ್ಲ. ಅದೇ ಪದ ಮುಂದಕ್ಕೆ ಬಂದರೆ ‘ನಾದ್ಯೆ ವೀನೋ’ ಸಾಕು, ಅಲ್ಲಿ ‘ನೋ’ ಸೇರಿಸಿದರೆ ತಪ್ಪು. ಕ್ರಿಯಾಪದಕ್ಕೆ ಬರುವಷ್ಟರಲ್ಲಿ ಇದು ನಿಷೇಧವಾಕ್ಯ ಎಂದು ಕೇಳುವವರಿಗೆ ತಿಳಿದಿರಬೇಕು. ಆ ಕೆಲಸ ಒಂದು ಪದ ಮಾಡಿದರೆ ಸಾಕು. ಆಮೇಲೆ ಎಷ್ಟು ಬಂದರೂ ಅಡ್ಡಿಯಿಲ್ಲ. ‘ನುಂಕಾ ನಾದ್ಯೆ ಮೆ ದೀಹೋ ನಾದಾ’ ಎಂಬಲ್ಲಿ ಮೂರು ನಿಷೇಧಪದಗಳಿವೆ. ಅರ್ಥ ಇಷ್ಟೇ, ನನಗೆ ಯಾರೂ ಯಾವತ್ತೂ ಏನೂ ಹೇಳಲಿಲ್ಲ.

ಆ ಕನ್ನಡ ವಾಕ್ಯದಲ್ಲೂ ಯಾರೂ, ಯಾವತ್ತೂ, ಏನೂ ಎಂದು ಮೂರು ಪದಗಳು ಸಾಲಾಗಿ ಬಂದವು, ನಮಗೇನೂ ವಿಚಿತ್ರ ಅನಿಸಲಿಲ್ಲ. ಆದರೆ ನಮ್ಮವು ತಾವಾಗಿಯೇ ನಿಷೇಧಪದಗಳಲ್ಲ. ಯಾರು ಬಂದರು ಎಂದು ಕೇಳಿದರೆ ಬರೀ ‘ಯಾರೂ’ ಅಂದು ಸುಮ್ಮನಾಗಲು ಆಗುವುದಿಲ್ಲ, ‘ಯಾರೂ ಇಲ್ಲ’ ಅನ್ನಬೇಕು. ಸ್ಪ್ಯಾನಿಷ್‌ನಲ್ಲಿ ‘ನಾದ್ಯೆ’ ಎಂಬ ಒಂದೇ ಪದ ಸಾಕು.

ಒಂದು ಕಾಲಕ್ಕೆ ಅಲ್ಲೂ ಹೀಗಿರಲಿಲ್ಲ. ಲ್ಯಾಟಿನ್‌ನ ‘ರೆಸ್ ನಾತಾ’ ಎಂದರೆ ಹುಟ್ಟಿದ ವಸ್ತು. ‘ಹುಟ್ಟಿದ ಯಾವ ವಸ್ತುವೂ ಬೇಡ’ ಎಂದು ಒತ್ತಿ ಹೇಳುವಾಗ ಬಳಕೆಯಾಗುತ್ತಿದ್ದ ಈ ಜೋಡಿಯಲ್ಲಿ ‘ರೆಸ್’ ಉದುರಿಹೋಗಿ ‘ನಾತಾ’ ಉಳಿಯಿತು, ಅದೇ ‘ನಾದಾ’ ಆಯಿತು. ಸಂಸ್ಕೃತದ ‘ಜಾತ’ ಇದರ ದೂರದ ದಾಯಾದಿ. ‘ನಾದ್ಯೆ’ಯ ಬೇರೂ ‘ಹುಟ್ಟಿದವನು’ ಎಂಬ ಪದದಲ್ಲೇ ಇದೆ. ಅಂದರೆ ಮೊದಲಿಗೆ ಇವುಗಳಲ್ಲಿ ನಿಷೇಧದ ಸುಳಿವೇ ಇರಲಿಲ್ಲ, ಅದನ್ನು ಹೊರುತ್ತಿದ್ದುದು ‘ನೋ’ ಒಂದೇ. ನೂರಾರು ವರ್ಷ ‘ನೋ’ ಜೊತೆಗೇ ಇದ್ದು ಇವಕ್ಕೂ ಅದರ ಬಣ್ಣ ಹತ್ತಿತು. ಮಧ್ಯಯುಗದ ಸ್ಪ್ಯಾನಿಷ್‌ನಲ್ಲಿ ‘ನಾದ್ಯೆ’ ಮುಂದೆ ಬಂದಾಗಲೂ ‘ನೋ’ ಸೇರಿಸುವುದಿತ್ತು. ನೆರೆಯ ಕ್ಯಾಟಲನ್ ಭಾಷೆಯಲ್ಲಿ ಆ ರೂಢಿ ಇಂದಿಗೂ ಇದೆ.

ಇಂಗ್ಲಿಷ್ ನಿಯಮಕ್ಕೆ ಹೆದರಿ ಒಂದು ನಿಷೇಧ ಕಿತ್ತುಹಾಕುವವರು ಎರಡು ಬಗೆಯಲ್ಲಿ ಎಡವುತ್ತಾರೆ. ‘ಕ್ಯೇರೋ ನಾದಾ’ ಎಂದರೆ ಕೇಳಿದವರಿಗೆ ಅರೆಬರೆ ವಾಕ್ಯದಂತೆ ಕೇಳಿಸುತ್ತದೆ. ‘ನಾದಾ’ ಬದಲು ‘ಏನೋ ಒಂದು’ ಎಂಬರ್ಥದ ‘ಆಲ್ಗೋ’ ಹಾಕಿ ‘ನೋ ಕ್ಯೇರೋ ಆಲ್ಗೋ’ ಎಂದರೆ, ಯಾವುದೋ ಒಂದು ಮಾತ್ರ ಬೇಡವಂತೆ, ಯಾವುದದು ಎಂದು ಕೇಳುಗರು ಕಾಯುತ್ತಾರೆ. ಹಾಗೆಂದು ಸ್ಪ್ಯಾನಿಷ್‌ನಲ್ಲಿ ನಿಷೇಧಗಳು ಅಳಿಸಿಹೋಗುವುದೇ ಇಲ್ಲವೆಂದಲ್ಲ. ‘ನೋ ಎಸ್ ಇಂಪೊಸೀಬ್ಲೆ’, ಅಂದರೆ ಅಸಾಧ್ಯವೇನಲ್ಲ ಎಂದಾಗ, ಸಾಧ್ಯ ಎಂಬ ಅರ್ಥವೇ ಬರುತ್ತದೆ. ಪದದೊಳಗೆ ಉಪಸರ್ಗವಾಗಿ ಕೂತ ನಿಷೇಧ ಈ ಹೊಂದಾಣಿಕೆಗೆ ಸೇರದು.

‘ನಾದಾ’ಕ್ಕೆ ಆದದ್ದು ಈಗ ಬೇರೆ ಪದಗಳಿಗೂ ಆಗುತ್ತಿದೆ. ‘ಎನ್ ಅಬ್ಸೊಲೂತೋ’ ಎಂಬುದರಲ್ಲಿ ಕಾಣುವುದು ‘ಸಂಪೂರ್ಣವಾಗಿ’ ಎಂಬ ಪದ ಮಾತ್ರ. ‘ನೋ’ ಜೊತೆ ಓಡಾಡಿ ಓಡಾಡಿ ಅದು ‘ಖಂಡಿತ ಇಲ್ಲ’ ಆಗಿಬಿಟ್ಟಿದೆ. ನಿಮಗೆ ತೊಂದರೆಯಾಯಿತೆ ಎಂದು ಕೇಳಿದಾಗ ಸ್ಪೇನಿನವರು ‘ಎನ್ ಅಬ್ಸೊಲೂತೋ’ ಅಂದರೆ ಗಾಬರಿಯಾಗಬೇಡಿ. ಅವರು ಹೇಳುತ್ತಿರುವುದು ಚೂರೂ ಇಲ್ಲವೆಂದು.