ಒಂದೇ ಹಾಡು, ಎರಡು ಕತ್ತರಿ

ಮದುವೆ ಮನೆಯ ಊಟದ ಪಂಕ್ತಿ. ಜೇಬಿನಲ್ಲಿ ಫೋನು ಹಾಡುತ್ತಿದೆ, ಯಜಮಾನರಿಗೆ ಮಾತ್ರ ಕೇಳಿಸುತ್ತಿಲ್ಲ. ಮೆಚ್ಚಿನ ಹಾಡನ್ನು ಇಡಿಯಾಗಿ ರಿಂಗ್‌ಟೋನ್ ಮಾಡಿಕೊಂಡಿದ್ದಾರೆ. ಅದರ ಮೊದಲರ್ಧ ನಿಮಿಷ ಬರೀ ತಂಬೂರಿ ನಾದ. ಪಲ್ಲವಿ ಶುರುವಾಗುವ ಹೊತ್ತಿಗೆ ಕರೆಯೇ ನಿಂತಿರುತ್ತದೆ.

ಯಾರೂ ಎತ್ತದ ಮೊಬೈಲ್ ಕರೆ 30 ಸೆಕೆಂಡು ರಿಂಗಾಗಬೇಕೆಂದು ಟ್ರಾಯ್ 2019ರಲ್ಲಿ ನಿಗದಿ ಮಾಡಿತು. ಹಾಗಾಗಿ ರಿಂಗ್‌ಟೋನಿಗೆ 25ರಿಂದ 30 ಸೆಕೆಂಡಿನ ತುಣುಕು ಸಾಕು. ಐಫೋನಿನಲ್ಲಿ ಗ್ಯಾರೇಜ್‌ಬ್ಯಾಂಡ್ ಮೂಲಕ ಮಾಡುವ ರಿಂಗ್‌ಟೋನಿಗೂ 30 ಸೆಕೆಂಡೇ ಮಿತಿ.

ಹಾಡಿನ ಪಲ್ಲವಿ 48ನೇ ಸೆಕೆಂಡಿಗೆ ಶುರುವಾಗಿ 1 ನಿಮಿಷ 14 ಸೆಕೆಂಡಿಗೆ ಮುಗಿಯುತ್ತದೆ ಎಂದುಕೊಳ್ಳಿ. ಆಂಡ್ರಾಯ್ಡ್ ಫೋನಿನಲ್ಲಿ ಹಾಡು ಕತ್ತರಿಸುವ ಆ್ಯಪ್ ತೆರೆದರೆ ಧ್ವನಿ ಅಲೆಅಲೆಯಾಗಿ ಕಾಣುತ್ತದೆ. ಆರಂಭದ ಗುರುತನ್ನು 48ರ ಹತ್ತಿರಕ್ಕೆ ಎಳೆದು, ಬೆರಳಿಂದ ಹಿಗ್ಗಿಸಿ ನೋಡಬೇಕು. ಅಲೆ ಕುಗ್ಗಿ ಸಣ್ಣಗಾದ ಜಾಗದಲ್ಲಿ ಕತ್ತರಿಸಿದರೆ ಸರಿ. ಅಲೆ ಎತ್ತರವಿದ್ದಲ್ಲಿ ಕತ್ತರಿಸಿದರೆ ಮೊದಲ ಅಕ್ಷರ ಅರ್ಧ ತುಂಡಾಗುತ್ತದೆ, ಇಲ್ಲವೇ 'ಟಕ್' ಎನ್ನುವ ಸದ್ದು ಸೇರಿಕೊಳ್ಳುತ್ತದೆ.

ಫೋನಿನ ಪುಟ್ಟ ಸ್ಪೀಕರಿಗೆ ಮಂದ್ರ ನಾದ ಹೊರಡಿಸುವ ಶಕ್ತಿಯಿಲ್ಲ. ತಬಲಾದ ಡಗ್ಗಾ ಇಯರ್‌ಫೋನಿನಲ್ಲಿ ಗುಂಯ್‌ಗುಟ್ಟಿದರೂ ಜೇಬಿನಿಂದ ಕೇಳಿಸದು. ಕೊಳಲು, ನಾಗಸ್ವರ, ಗಾಯಕರ ಏರುದನಿಯಾದರೆ ಗದ್ದಲವನ್ನೂ ದಾಟಿ ಬರುತ್ತವೆ.

ಉಳಿಸಿದ ತುಣುಕನ್ನು ಫೋನಿನ ಫೈಲುಗಳಲ್ಲಿ `Ringtones` ಫೋಲ್ಡರಿಗೆ ಹಾಕಬೇಕು. ಆಮೇಲೆ ಸೆಟ್ಟಿಂಗ್ಸ್‌ನ ಸೌಂಡ್ ವಿಭಾಗದಲ್ಲಿ ರಿಂಗ್‌ಟೋನ್ ಪಟ್ಟಿ ತೆರೆದರೆ ಅದು ಸಿಗುತ್ತದೆ. ಮುಂದೊಂದು ದಿನ ಜಾಗ ಖಾಲಿ ಮಾಡುವಾಗ ಆ ಫೈಲನ್ನೇ ಅಳಿಸಿಬಿಟ್ಟರೆ ಫೋನು ಹಳೆಯ ಕಂಪನಿ ಟೋನಿಗೇ ಮರಳುತ್ತದೆ. ಹಾಡು ಕೇಳಿಸುವ ಆ್ಯಪ್‌ಗಳಲ್ಲಿ ಡೌನ್‌ಲೋಡ್ ಮಾಡಿದ ಹಾಡು ಸಾಮಾನ್ಯವಾಗಿ ಕತ್ತರಿಗೆ ಸಿಗುವುದಿಲ್ಲ. ಅದು ಆ ಆ್ಯಪ್‌ನೊಳಗೆ ಮಾತ್ರ ಓಡುವಂತೆ ಬೀಗ ಹಾಕಿಟ್ಟ ಫೈಲು.

ಅಲಾರಂಗೆ ಇದೇ ತುಣುಕು ಇಟ್ಟರೆ? ಕರೆಗೆ ಮೊದಲ ಸೆಕೆಂಡಿನಿಂದಲೇ ಗಟ್ಟಿ ದನಿ ಬೇಕು. ಬೆಳಗಿನ 5 ಗಂಟೆಗೆ ಅದೇ ದನಿ ಎದೆ ಝಲ್ಲೆನಿಸುತ್ತದೆ. ಊಟದ ಪಂಕ್ತಿಯಲ್ಲಿ ಕೈಕೊಟ್ಟ ತಂಬೂರಿ ನಾದ ಇಲ್ಲಿ ಸರಿಹೊಂದುತ್ತದೆ. ಅಲ್ಲಿಂದ ಪಲ್ಲವಿಯವರೆಗೆ ಇನ್ನೊಂದು ತುಣುಕು ಮಾಡಿ `Alarms` ಫೋಲ್ಡರಿನಲ್ಲಿಡಬಹುದು. ಗೂಗಲ್ ಗಡಿಯಾರದ ಆ್ಯಪ್‌ನಲ್ಲಿ ಅಲಾರಂ ತೆರೆದು, ಗಂಟೆಯ ಗುರುತು ಒತ್ತಿ, `Add new` ಮೂಲಕ ಅದನ್ನು ಸೇರಿಸಬಹುದು.

ಅಲಾರಂ ನಿಲ್ಲಿಸುವವರೆಗೆ ತುಣುಕು ಮತ್ತೆಮತ್ತೆ ಸುತ್ತುತ್ತದೆ. ಕೊನೆಯ ಅಕ್ಷರದಿಂದ ಮತ್ತೆ ತಂಬೂರಿಗೆ ಜಿಗಿಯುವುದು ಕಿವಿಗೆ ಚುಚ್ಚದಿರಲಿ ಎಂದು ಕೊನೆಯ ಒಂದೆರಡು ಸೆಕೆಂಡನ್ನು ಮೆಲ್ಲಗೆ ಇಳಿಸಬೇಕು. ಅಲಾರಂ ವಾಲ್ಯೂಮ್ ಕರೆಯದಕ್ಕಿಂತ ಬೇರೆ. ಅದನ್ನು ತೀರಾ ಕೆಳಗಿಟ್ಟು ಮಲಗಿದವರಿಗೆ ಬಸ್ಸು ತಪ್ಪುತ್ತದೆ. ಒಂದು ನಿಮಿಷ ಮುಂದಕ್ಕೆ ಅಲಾರಂ ಇಟ್ಟು, ಫೋನನ್ನು ದಿಂಬಿನ ಪಕ್ಕದಲ್ಲೇ ಬಿಟ್ಟು ಕೇಳಿ ನೋಡಿದರೆ ಎರಡೂ ಗೊತ್ತಾಗುತ್ತವೆ.