ಜಮೆಯಲ್ಲಿ ಕಡಿಮೆ ಬಿದ್ದ 8,400 ರೂಪಾಯಿ

ಇಳಕಲ್ಲಿನ ಒಂದು ಸೀರೆ ಅಂಗಡಿ ಎಂದಿಟ್ಟುಕೊಳ್ಳಿ. ಪೇಮೆಂಟ್ ಗೇಟ್‌ವೇಯಿಂದ ಇವತ್ತು 15,000 ರೂಪಾಯಿ ಜಮೆಯಾಗಬೇಕಿತ್ತು, ಬಂದದ್ದು 6,600. ತಿಂಗಳ ಹಿಂದೆ ಮೈಸೂರಿನ ಗಿರಾಕಿಯೊಬ್ಬರು ಕಾರ್ಡಿನಲ್ಲಿ ದುಡ್ಡು ಕಟ್ಟಿ ತರಿಸಿಕೊಂಡಿದ್ದ ಸೀರೆಯ ಬೆಲೆ 8,400. ‘ಸೀರೆ ಬಂದೇ ಇಲ್ಲ’ ಎಂದು ಅವರು ತಮ್ಮ ಬ್ಯಾಂಕಿಗೆ ದೂರು ಕೊಟ್ಟಿದ್ದಾರೆ. ಬ್ಯಾಂಕು ಹಣ ಹಿಂದಕ್ಕೆ ಕೇಳಿದೆ, ಗೇಟ್‌ವೇ ಅದನ್ನು ಇವತ್ತಿನ ಜಮೆಯಲ್ಲೇ ಮುರಿದುಕೊಂಡಿದೆ. ಇದೇ ಚಾರ್ಜ್‌ಬ್ಯಾಕ್.

ಇಂಥ ಹೊತ್ತಿನಲ್ಲಿ ಅಂಗಡಿಯವರು ಮೊದಲು ಹುಡುಕುವುದು ಓಟಿಪಿ ದಾಖಲೆಯನ್ನು. ಇಲ್ಲಿ ಅದರಿಂದ ಉಪಯೋಗವಿಲ್ಲ. ದುಡ್ಡು ಕಟ್ಟಿದ್ದು ತಾವೇ ಎಂದು ಗಿರಾಕಿಯೇ ಒಪ್ಪುತ್ತಾರೆ. ತಕರಾರಿರುವುದು ಸೀರೆ ಮುಟ್ಟಿದ್ದರ ಬಗ್ಗೆ. ಆದ್ದರಿಂದ ನೋಟಿಸಿನಲ್ಲಿರುವ ಕಾರಣದ ಸಂಖ್ಯೆಯನ್ನು ಮೊದಲು ಓದಬೇಕು. ವೀಸಾ ಕಾರ್ಡಿನಲ್ಲಿ 13.1 ಎಂದರೆ ಮಾಲು ಮುಟ್ಟಿಲ್ಲ. 10.4 ಎಂದರೆ ಆನ್‌ಲೈನಿನಲ್ಲಿ ಕಾರ್ಡು ಬಳಸಿದ್ದು ತಾನಲ್ಲ. ಓಟಿಪಿ ಕೆಲಸಕ್ಕೆ ಬರುವುದು ಆಗ.

13.1ಕ್ಕೆ ಬೇಕಾದದ್ದು ಬಿಲ್ಲು, ಗಿರಾಕಿ ಕೊಟ್ಟಿದ್ದ ವಿಳಾಸ, ಅದೇ ವಿಳಾಸಕ್ಕೆ ಪಾರ್ಸೆಲ್ ಮುಟ್ಟಿದ ಕೊರಿಯರ್ ದಾಖಲೆ. ‘ರವಾನಿಸಲಾಗಿದೆ’ ಎಂಬ ರಸೀದಿ ಸಾಲದು. ಮುಟ್ಟಿದ ದಿನಾಂಕ, ಸಹಿ ಬೇಕು. ‘ಸೆರಗು ಚೆನ್ನಾಗಿದೆ’ ಎಂದು ಗಿರಾಕಿ ಕಳಿಸಿದ ವಾಟ್ಸಾಪ್ ಸಂದೇಶವಿದ್ದರೆ ಅದಕ್ಕಿಂತ ಗಟ್ಟಿ ಸಾಕ್ಷಿ ಬೇರಿಲ್ಲ. ಎಲ್ಲವನ್ನೂ ಗೇಟ್‌ವೇ ಕೊಟ್ಟ ಗಡುವಿನೊಳಗೆ ಕಳಿಸಬೇಕು. ಗಡುವು ಕೆಲವೇ ದಿನಗಳದ್ದು. ತಪ್ಪಿದರೆ ಸಾಕ್ಷಿ ಎಷ್ಟಿದ್ದರೂ ಸೋಲೇ. ತಕರಾರು ನಡೆಯುತ್ತಿರುವಾಗ, ಜಗಳ ಬೇಡವೆಂದು ಗಿರಾಕಿಯ ಖಾತೆಗೆ ಬೇರೆಯಾಗಿ ಹಣ ಹಾಕಬಾರದು. ಹಾಕಿದರೆ ಒಂದೇ ಸೀರೆಗೆ ಎರಡು ಸಲ ದುಡ್ಡು ಕೊಟ್ಟಂತಾಗುತ್ತದೆ.

ಲೆಕ್ಕ ತಪ್ಪುವುದು ಆ 6,600ರ ಹತ್ತಿರ. ಬ್ಯಾಂಕಿಗೆ ಬಂದಷ್ಟನ್ನೇ ಆ ದಿನದ ವ್ಯಾಪಾರವೆಂದು ಬರೆದುಬಿಡುತ್ತಾರೆ. ಆ ದಿನದ ಮಾರಾಟ ಪೂರ್ತಿ ಬರಬೇಕು. ಕಡಿತವಾದ 8,400ನ್ನು ‘ಚಾರ್ಜ್‌ಬ್ಯಾಕ್ ತಕರಾರು’ ಎಂಬ ಬೇರೆ ಖಾತೆಯಲ್ಲಿ, ಬರಬೇಕಾದ ಹಣವಾಗಿ ನಿಲ್ಲಿಸಬೇಕು. ಗೆದ್ದರೆ ಹಣ ಮರಳಿ ಬಂದು ಖಾತೆ ಮುಚ್ಚುತ್ತದೆ.

ಸೋತರೆ? ಆ ಮೊತ್ತದಲ್ಲಿ 8,000 ಸೀರೆಯ ಬೆಲೆ, 400 ಶೇಕಡಾ 5ರ ಜಿಎಸ್‌ಟಿ. ಸೀರೆ ಅಂಗಡಿಗೆ ಮರಳಿದರೆ ಕ್ರೆಡಿಟ್ ನೋಟ್ ಬರೆದು ಮಾರಾಟವನ್ನೂ ತೆರಿಗೆಯನ್ನೂ ಇಳಿಸಬಹುದು. ಸೀರೆ ಗಿರಾಕಿಯ ಬಳಿಯೇ ಉಳಿದು ಹಣ ಮಾತ್ರ ಹೋದರೆ ಹಾಗೆ ಮಾಡುವಂತಿಲ್ಲ. ಮಾರಾಟ ನಡೆದದ್ದು ನಡೆದೇ ಇದೆ, ಕಟ್ಟಿದ 400 ಸರ್ಕಾರಕ್ಕೇ. ಪೂರ್ತಿ 8,400 ಮುಳುಗಿದ ಬಾಕಿ ಎಂದು ನಷ್ಟಕ್ಕೆ ಹೋಗುತ್ತದೆ. ಮೊದಲ ದಿನ ಗೇಟ್‌ವೇ ಹಿಡಿದುಕೊಂಡಿದ್ದ ಶುಲ್ಕವೂ ಸಾಮಾನ್ಯವಾಗಿ ವಾಪಸಾಗುವುದಿಲ್ಲ.