ಮಚ್ಚೆಯ ಫೋಟೋ: ನಾಲ್ಕು ಪ್ರಶ್ನೆಗಳು ಎಲ್ಲಿ ಸೋಲುತ್ತವೆ?

ಮಚ್ಚೆಯ ಫೋಟೋ ನೋಡುವಾಗ ಕೇಳಬೇಕಾದ ಪ್ರಶ್ನೆಗಳು ನಾಲ್ಕು. ನಡುವೆ ಗೆರೆ ಎಳೆದರೆ ಎರಡೂ ಅರ್ಧ ಒಂದೇ ತೆರನಾಗಿವೆಯೇ? ಅಂಚು ನಯವಾಗಿದೆಯೇ? ಬಣ್ಣ ಒಂದೇ ಇದೆಯೇ? ಅಗಲ 6 ಮಿಲಿಮೀಟರ್‌ಗಿಂತ ಹೆಚ್ಚಿದೆಯೇ? ಮೆಲನೋಮಾ ಎಂಬ ಚರ್ಮದ ಕ್ಯಾನ್ಸರನ್ನು ಬೇಗ ಗುರುತಿಸಲು 1985ರಲ್ಲಿ ನ್ಯೂಯಾರ್ಕಿನ ವೈದ್ಯರು ಈ ಪಟ್ಟಿಯನ್ನು ಮುಂದಿಟ್ಟರು.

ಒಂದು ಫೋಟೋ ಊಹಿಸಿಕೊಳ್ಳಿ. ತೋಳಿನ ಮೇಲೆ 4 ಮಿಲಿಮೀಟರ್‌ನ ಗುಂಡಗಿನ ಗಂಟು, ನಯವಾದ ಅಂಚು, ಒಂದೇ ಕಪ್ಪು ಬಣ್ಣ. ನಾಲ್ಕೂ ಪ್ರಶ್ನೆಗಳಲ್ಲಿ ಅದು ಪಾರಾಗುತ್ತದೆ. ಆದರೆ ಅದು ಕೆಲವೇ ವಾರಗಳಲ್ಲಿ ಉಬ್ಬಿದ್ದರೆ, ಮುಟ್ಟಿದಾಗ ಗಟ್ಟಿಯಾಗಿದ್ದರೆ, ಗಂಟಿನ ರೂಪದ ಮೆಲನೋಮಾ ಆಗಿರಬಹುದು. ಈ ಬಗೆ ಅಗಲವಾಗಿ ಹರಡುವ ಮೊದಲೇ ಆಳಕ್ಕೆ ಇಳಿಯುತ್ತದೆ. ಬೆಳವಣಿಗೆಯಾಗಲಿ ಗಟ್ಟಿತನವಾಗಲಿ ಒಂದೇ ಫೋಟೋದಲ್ಲಿ ಕಾಣುವುದಿಲ್ಲ. ಆದ್ದರಿಂದಲೇ 2004ರಲ್ಲಿ ‘ಬದಲಾಗುತ್ತಿದೆಯೇ?’ ಎಂಬ ಐದನೆಯ ಪ್ರಶ್ನೆ ಸೇರಿತು.

ನಮ್ಮಂಥ ಕಂದು ಮೈಬಣ್ಣದವರಲ್ಲಿ ಮೆಲನೋಮಾ ಅಪರೂಪ. ಬಂದರೆ ಹೆಚ್ಚಾಗಿ ಅಂಗಾಲು, ಅಂಗೈ ಅಥವಾ ಉಗುರಿನಡಿಯಲ್ಲಿ, ಯಾರೂ ಫೋಟೋ ತೆಗೆಯದ ಜಾಗಗಳಲ್ಲಿ.

ಅಳತೆಪಟ್ಟಿ ಪಕ್ಕದಲ್ಲಿಟ್ಟು, ಅದೇ ಬೆಳಕಿನಲ್ಲಿ, ತಿಂಗಳ ಅಂತರದಲ್ಲಿ ತೆಗೆದ ಎರಡು ಫೋಟೋಗಳು ಬದಲಾವಣೆಯನ್ನು ತೋರಿಸಬಲ್ಲವು. ಆದರೆ ಗಂಟು ಈಗಾಗಲೇ ಬೆಳೆಯುತ್ತಿದ್ದರೆ ಎರಡನೇ ಫೋಟೋಗೆ ಕಾಯದೆ ಚರ್ಮವೈದ್ಯರಿಗೆ ತೋರಿಸಿ. ಖಚಿತ ಉತ್ತರ ಸಿಗುವುದು ಬಯಾಪ್ಸಿಯಿಂದ ಮಾತ್ರ.